ಪುಟ್ಟಾಚಾರಿಯ ಮೂಸೆಗೆ ಬಂದ ಓಲೆ

ಚನ್ನಪಟ್ಟಣದ ಅಕ್ಕಸಾಲಿ ಪುಟ್ಟಾಚಾರಿಯವರು ಕೆಲಸ ಮುಗಿಸಿ ಎದ್ದರೆ ಬಟ್ಟೆ ಕೊಡವುವುದು ಅಂಗಡಿಯೊಳಗೇ. ಕೈ ತೊಳೆದ ನೀರೂ ತೊಟ್ಟಿಯಲ್ಲೇ ನಿಲ್ಲಬೇಕು. ಅದರ ತಳದ ಕೆಸರು, ನೆಲದ ಧೂಳು ಎಲ್ಲವನ್ನೂ ಚಿನ್ನ ತೆಗೆಯುವವರು ಬಂದು ಕೊಂಡೊಯ್ಯುತ್ತಾರೆ. ಚೂರೂ ಕಳೆದುಹೋಗುವುದಿಲ್ಲ.

ಅದೇ ಅವರ ಸಂಕಟ. ಹೆಂಡತಿ ಸಾವಿತ್ರಮ್ಮ ಕಾಯಿಲೆ ಬಿದ್ದಾಗ ಆಕೆಯ ಬಳೆಗಳನ್ನು ತಾವೇ ಕರಗಿಸಿ ಮಾರಿದ್ದರು. ಆಕೆ ಉಳಿಯಲಿಲ್ಲ; ಆ ಚಿನ್ನ ಮಾತ್ರ ಎಲ್ಲೋ ಯಾರ ಮೈಮೇಲೋ ಉಳಿದೇ ಇತ್ತು. ಅಂದಿನಿಂದ ಮೂಸೆಯ ಬಟ್ಟಲಲ್ಲಿ ಯಾರ ಚಿನ್ನ ಕರಗಿದರೂ ಬೆನ್ನ ಹಿಂದೆ ಬಳೆಯ ಸದ್ದು. ತಿರುಗಿ ನೋಡುವುದನ್ನು ಬಿಟ್ಟಿದ್ದರು.

ಈ ಮಾಗಿಯಲ್ಲಿ ಹೊಂಗನೂರಿನ ಕೆಂಚಮ್ಮ ಮೊಮ್ಮಗಳು ರಮ್ಯಾಳಿಗೆ ತಾಳಿ ಮಾಡಿಸಲು ಬಂದರು. ರಮ್ಯಾಳ ತಾಯಿ ಭಾಗ್ಯ ಬಾಣಂತನದಲ್ಲೇ ತೀರಿಕೊಂಡವಳು. ಅವಳ ತಾಳಿಯನ್ನು ಸತ್ತ ಅತ್ತೆಯ ಒಡವೆ ಕರಗಿಸಿ ಮಾಡಿಸಿದ್ದರು. ಮಗಳನ್ನು ತಿಂದದ್ದು ಅದೇ ಎಂದು ಕೆಂಚಮ್ಮ ನಂಬಿದ್ದರು.

“ಆಚಾರ್ರೇ, ಸತ್ತೋರ ಮೈಮೇಲಿದ್ದ ಚಿನ್ನ ಬ್ಯಾಡ. ಗಣಿಯಿಂದ ಹೊಸ್ದಾಗಿ ಬಂದಿರಾದೇ ಬೇಕು. ಮೂಸೆ ಮುಟ್ಟಿ ಆಣೆ ಇಕ್ಕಿ. ಇಲ್ದಿದ್ರೆ ಮದ್ವೆ ನಿಲ್ಲುಸ್ಬುಡ್ತೀನಿ.”

ಗಟ್ಟಿ ಚಿನ್ನ ತಂದುಕೊಡುವ ವ್ಯಾಪಾರಿ ಸಮದ್ ಅಲ್ಲೇ ಚಿನ್ನದ ಬಿಸ್ಕತ್ತು ಬಿಚ್ಚಿಟ್ಟು ಕೂತಿದ್ದರು. “ಇಕ್ಬುಡಿ ಆಚಾರ್ರೇ, ಮುದ್ರೆ ಹೊಸಾದೇ ಐತಲ್ಲ!”

“ಮುದ್ರೆ ಹೊಸ್ದು ಕಣಯ್ಯ. ಒಳಗಿರೋದು?” ಎಂದರು ಆಚಾರಿ.

ಸಮದ್ ಕೆಂಚಮ್ಮನತ್ತ ತಿರುಗಿದರು. “ಸುಳ್ಳ್ಯಾಕೆ ಅಮ್ಮಾ? ಜನ ಇಲ್ಲಿವರ್ಗೂ ಅಗ್ದಿರೋ ಚಿನ್ನ ಎರಡು ಲಕ್ಷ ಟನ್‌ಗಿಂತ ಜಾಸ್ತಿ ಅಂತಾರೆ. ಹೆಚ್ಚುಕಮ್ಮಿ ಅಷ್ಟೂ ಇನ್ನೂ ಭೂಮಿ ಮೇಲೇ ಐತೆ. ಪ್ರಪಂಚದ ಗಣಿಗಳೆಲ್ಲ ಸೇರಿ ವರ್ಷಕ್ಕೆ ಕೊಡೋದು ಮೂರೂವರೆ ಸಾವ್ರ ಟನ್ನಿನ ಆಸುಪಾಸು. ನೂರಕ್ಕೆ ಎರಡೂ ಇಲ್ಲ.”

“ಕೋಲಾರದ್ದು ಮುಚ್ಚುದ್ರಲ್ಲ, ಅದ್ಕಾ?”

“ಅದು ಮುಚ್ದಾಗ್ಲೂ ನನ್ ಮೂಸೆ ಆರ್ನಿಲ್ಲ ತಾಯಿ,” ಎಂದರು ಆಚಾರಿ. “ಅಕ್ಕಿ ಆದ್ರೆ ಉಂಡು ಮುಗೀತದೆ. ಇದು ತುಕ್ಕು ಹಿಡಿಯಾಕಿಲ್ಲ, ಕೊಳೆಯಾಕಿಲ್ಲ. ಕರಗ್ಸಿ ಕರಗ್ಸಿ ಇಕ್ಕತಾರೆ. ಸಾವ್ರಾರು ವರ್ಷದ್ದು ಸೇರ್ಕೊಂಡು ಕೂತೈತೆ. ಅದ್ರ ಮುಂದೆ ಒಂದ್ ವರ್ಷದ್ದು ಎಷ್ಟರದು? ಈ ಬಿಸ್ಕತ್ತೂ ಯಾರ ಕತ್ತಲ್ಲಿತ್ತೋ. ಆಣೆ ಇಕ್ಕಲಾರೆ.”

ಬಿಸ್ಕತ್ತಿನ ಮೇಲಿದ್ದ ಕೈಯನ್ನು ಕೆಂಚಮ್ಮ ಸರಕ್ಕನೆ ಎಳೆದುಕೊಂಡರು. ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಜೊತೆ ಓಲೆ ತೆಗೆದರು.

“ಭಾಗ್ಯಂದು. ನಿಮಗೇ ಕೊಟ್ಟು ಕೈ ತೊಳ್ಕೊಳವಾ ಅಂತ ತಂದಿದ್ದೆ. ಎಂಗಿದ್ರೂ ಸತ್ತೋರು ಬತ್ತಾರೆ ಅಂದ್ಮೇಲೆ, ಗುರ್ತಿಲ್ದೋರು ಯಾಕೆ? ಅವ್ಳೇ ಬರ್ಲಿ. ಮಗೀನ ಮಖನೂ ಸರ್ಯಾಗಿ ನೋಡ್ನಿಲ್ಲ ಅವ್ಳು.”

ಸಮದ್ ಬಿಸ್ಕತ್ತನ್ನು ಮತ್ತೆ ಕಟ್ಟಿಕೊಂಡರು.

ಉರಿ ತಾಕಿದ ಓಲೆಗಳು ಕುಸಿದು ಒಂದೇ ಹನಿಯಾದವು. ಕೆಂಚಮ್ಮ ಮೂಸೆಯತ್ತ ಬಾಗಿ, “ಬಾವ್ವ ಭಾಗ್ಯ, ಮಗ್ಳ ಮದ್ವೆ,” ಎಂದು ಮೆಲ್ಲಗೆ ಕರೆದರು.

ಪುಟ್ಟಾಚಾರಿಯವರ ಹಿಂದೆ ಬಳೆ ಸದ್ದಾಯಿತು. ಈ ಸಲ ಅವರು ತಿರುಗಿದರು. ಬಾಗಿಲಾಚೆ ಪೇಟೆಗೆ ಬಂದ ಹೆಂಗಸರು ಹಾದುಹೋಗುತ್ತಿದ್ದರು. ಉರಿ ತಗ್ಗಿಸಿ, ಒಬ್ಬೊಬ್ಬರ ಕೈಬಳೆಯನ್ನೂ ನೋಡುತ್ತ ಕೂತರು.