ಮೂವತ್ತೊಂದನೆಯ ಪುಟ

ಸೇಡಂನ ಉಪವಿಭಾಗಾಧಿಕಾರಿ ಕಚೇರಿಯ ಕಿರಿಯ ಗುಮಾಸ್ತರೊಬ್ಬರು ಹಳೆಯ ಫೈಲಿನ ಸಾರಾಂಶ ಬರೆಯುವಾಗ ಪ್ರತಿ ವಾಕ್ಯದ ಪಕ್ಕ ಪುಟದ ಸಂಖ್ಯೆ ಹಾಕುತ್ತಿದ್ದರು. ಯಾರೇನು ಹೇಳಿದರೂ "ಯಾವ ಪುಟದಾಗ ಅದರೀ?" ಎನ್ನುತ್ತಿದ್ದರು.

ಕಾಳಗಿಯಲ್ಲಿ ನಾನು ಒಬ್ಬನಿಂದ ಕೊಂಡ ಹೊಲ ತನ್ನದೆಂದು ಅವನ ಅತ್ತಿಗೆ, ಒಬ್ಬ ಮುದುಕಿ, ಆ ಕಚೇರಿಗೆ ಅಪೀಲು ಹಾಕಿದ್ದಳು. 'ನೋಟಿಸ್ ಕೈಯಾರೆ ಪಡೆದೂ ವಿಚಾರಣೆಗೆ ಬರಲಿಲ್ಲ' ಎಂದು ಹಿಂದೆ ಕಾಳಗಿ ತಹಶೀಲ್ದಾರರು ಆಕೆಯ ವಿರುದ್ಧ ಆದೇಶ ಮಾಡಿದ್ದರು. ಗುಮಾಸ್ತರು ಮೂವತ್ತೊಂದನೆಯ ಪುಟ ತೆರೆದು ನನಗೆ ತೋರಿಸಿದರು. ನೋಟಿಸ್ ಒಯ್ದ ಜವಾನನ ವರದಿ ಅದು: 'ಮನೆಗೆ ಬೀಗ. ಆಕೆ ಕುಂಚಾವರಂಗೆ ಕೂಲಿಗೆ ಹೋಗಿದ್ದಾಳೆ. ಪಂಚರ ಮುಂದೆ ಬಾಗಿಲಿಗೆ ಅಂಟಿಸಿದೆ.'

ಹೊಲ ಕೊಳ್ಳುವವರಿಗೊಂದು ಮಾತು: ಆದೇಶವನ್ನಷ್ಟೇ ನಂಬಬೇಡಿ, ಇಡೀ ಫೈಲು ಓದಿ. ನಾನು ಓದಿರಲಿಲ್ಲ.

"ಆದೇಶದಾಗ ಇದ್ದಷ್ಟೇ ಬರೀರಿ ಸಾಹೇಬ್ರ, ಹಳೀದು ಯಾಕ ಕೆದಕ್ತೀರಿ?" ಎಂದೆ.

"ಎರಡೂ ಬರೀತೀನ್ರಿ ಸೇಠ್. ಖರೆ ಯಾವ್ದು ಅಂತ ಮ್ಯಾಲಿನವರು ನೋಡ್ಲಿ."

ಮೇಲಿನವರು ನೋಡಿದರು. ಆದೇಶ ರದ್ದಾಯಿತು, ಆಕೆಯ ಮಾತು ಕೇಳಿ ಮತ್ತೆ ತೀರ್ಮಾನಿಸಿರೆಂದು ಫೈಲು ಕಾಳಗಿಗೆ ಹೋಯಿತು. ಹೊಸ ನೋಟಿಸ್ ಮಾತ್ರ 'ಆಕೆ ತೀರಿಕೊಂಡಿದ್ದಾಳೆ, ಮಕ್ಕಳಿಲ್ಲ' ಎಂಬ ಷರಾ ಹೊತ್ತು ಮರಳಿತು. ಹೊಲ ನನಗೇ ಉಳಿಯಿತು.

ನನ್ನಿಂದ ಸುದ್ದಿ ಕೇಳಿ ಗುಮಾಸ್ತರು ಪೆನ್ನು ಕೆಳಗಿಟ್ಟರು. "ಆಕೀನ್ನ ನೀವು ಒಮ್ಮೆರೆ ನೋಡಿದ್ರೇನ್ರಿ?" ಎಂದರು.

ಚೌಕಾಸಿಯಲ್ಲಿ ಎಂದೂ ತಡವರಿಸಿದವನಲ್ಲ ನಾನು. ಅವತ್ತು 'ಇಲ್ಲ' ಎನ್ನಲು ಭಾಳ ಹೊತ್ತು ಹಿಡಿಯಿತು.