ಬಲ ಭುಜದ ಮೇಲಿನ ನೆರಳು

ಡಾಕ್ಟರ್ ಆದಿರಾಜಯ್ಯ ತೀರ್ಥಹಳ್ಳಿ ಕಡೆಯ ಜೈನರ ಮನೆಯವರು. ಮಾತು ಕಮ್ಮಿ, ಮುಂಗೋಪ ಜಾಸ್ತಿ. ಜೋಗದ ಕರೆಂಟು ಬಂದ ಹೊಸದರಲ್ಲಿ ಸಾಗರದಲ್ಲಿ ಎಕ್ಸ್-ರೇ ಯಂತ್ರ ಇಟ್ಟು, ಮೂರು ತಾಲ್ಲೂಕಿಗೆ ಹೆಸರಾದರು. ಎದೆಯೊಳಗಿನದು ಅವರಿಗೆ ಅಂಗೈಯಲ್ಲಿದ್ದಂತೆ ಕಾಣುತ್ತದೆ ಎಂದು ಜನ ಹೊಗಳುತ್ತಿದ್ದರು. ಹೊಗಳಿಕೆ ಯಾರಿಗೆ ಕಹಿ? ಇವರೂ ನಂಬಿಬಿಟ್ಟರು. ಆಮೇಲೆ ಐವತ್ತೈದನೇ ಇಸವಿಯಲ್ಲಿ, ಏಕೆಂದು ಯಾರಿಗೂ ಹೇಳದೆ, ಯಂತ್ರ ಮಾರಿ ಮೈಸೂರಿಗೆ ಹೋಗಿ ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳತೊಡಗಿದರು.

ಐವತ್ತೇಳರ ಜುಲೈನಲ್ಲಿ ಮೊದಲ ವರ್ಷದವರಿಗೆ ಎರಡು ಮಾತು ಹೇಳಿ ಎಂದು ಅವರನ್ನು ಕರೆದರು. ಪೆಟ್ಟಿಗೆಯ ತಳದಿಂದ ಒಂದು ಎಕ್ಸ್-ರೇ ಫಿಲ್ಮ್ ತೆಗೆದುಕೊಂಡು ಹೋದರು. ಐದು ವರ್ಷ ಯಾರಿಗೂ ತೋರಿಸದಿದ್ದ ಫಿಲ್ಮ್ ಅದು. ಇಂದಾದರೂ ಬಾಯಿ ಬಿಡದಿದ್ದರೆ ಇನ್ನು ಪಾಠ ಹೇಳುವ ಮುಖ ತನಗಿಲ್ಲ ಎಂದು ಅವರಿಗೆ ಅನ್ನಿಸಿತ್ತು. ದೀಪದ ಪೆಟ್ಟಿಗೆಗೆ ಅದನ್ನು ಸಿಕ್ಕಿಸಿದರು.

“ಎಂತ ಕಾಣ್ತದೆ, ಹೇಳಿ.”

ಮುಂದಿನ ಬೆಂಚಿನ ಮಹಾಗಣಪತಿ ಎಂಬ ಹುಡುಗ ತಟ್ಟನೆ ಎದ್ದ. ಕಾಲೇಜಿಗೆ ಸೇರಿ ಇನ್ನೂ ಎಂಟು ದಿನ. “ಬಲಗಡೆ ಶ್ವಾಸಕೋಶದ ತುದಿಯಲ್ಲಿ ಮಚ್ಚೆ ಮಚ್ಚೆಯಾಗಿ ಬೆಳ್ಳಗಿದೆ ಸಾರ್. ಟೀಬಿ.”

“ನಾನೂ ಅದನ್ನೇ ಬರೆದೆ. ನಿನ್ನಷ್ಟೇ ಬೇಗ ಬರೆದೆ,” ಎಂದರು ಡಾಕ್ಟರು. ನಗಬೇಕೆಂದಿದ್ದವರು ಯಾರೂ ನಗಲಿಲ್ಲ.

ಆಮೇಲೆ ನಿಧಾನವಾಗಿ ಹೇಳಿದರು. ಹೊಸನಗರ ತಾಲ್ಲೂಕಿನ ನಿಟ್ಟೂರಿನ ರೈತ ಗಿರಿಯಪ್ಪನ ಮಗಳು ಜಲಜ. ಹದಿನೆಂಟು ವರ್ಷ. ಮಂಡಗದ್ದೆ ಕಡೆಯವರು ಬಂದು ನಿಶ್ಚಯ ಮಾಡಿ, ಹೂ ಮುಡಿಸಿದರು. ಹುಡುಗಿ ಎರಡು ಸಲ ಕೆಮ್ಮಿದ್ದು ಗಂಡಿನ ಸೋದರಮಾವನ ಕಿವಿಗೆ ಬಿತ್ತು. ಯಾವುದಕ್ಕೂ ಎದೆಯ ಫೋಟೋ ತೆಗೆಸಿಬಿಡಿ ಎಂದ. ಮರುದಿನವೇ ಸಾಗರಕ್ಕೆ ಕರೆತಂದರು. ದಪ್ಪ ಜಡೆ, ಜಡೆಗೆ ಸುತ್ತಿದ ಹೂವು.

ಆಯಾ ದುಗ್ಗಮ್ಮ ಸರ ಬಿಚ್ಚಿಸಿ, ಜಡೆಯನ್ನೂ ಎತ್ತಿ ಕಟ್ಟಲು ಹೋದಳು. ತಾಯಿ ಅಡ್ಡ ಬಂದಳು. “ಗಂಡಿನ ಮನೇರು ಮುಡಿಸಿದ್ದು ಕಣೇ, ಬಾಡೋವರೆಗೂ ತೆಗೀಬಾರ್ದು.” ಹೂವು ನಲುಗದಿರಲೆಂದು ಜಡೆಯನ್ನು ಬಲ ಭುಜದ ಮೇಲಿಂದ ಮುಂದಕ್ಕೆ ಇಳಿಬಿಟ್ಟಳು. ದುಗ್ಗಮ್ಮ ಡಾಕ್ಟರ ಮುಖ ನೋಡಿದಳು. “ಕಟ್ಲಾ ಡಾಕ್ಟ್ರೇ?”

“ಹೊರಗೆ ಇಪ್ಪತ್ತು ಜನ ಕಾಯ್ತಿದ್ರು,” ಎಂದರು ಡಾಕ್ಟರು. “ಇರ್ಲಿ ಬಿಡು ಅಂದೆ.”

ಹುಡುಗಿ ಫಿಲ್ಮಿನ ಚೌಕಟ್ಟಿಗೆ ಎದೆಯೊತ್ತಿ ನಿಂತಳು. ನಡುವೆ ಜಡೆ ಸಿಕ್ಕಿಕೊಂಡಿತು. ಫಿಲ್ಮ್ ಒಣಗುವ ಮೊದಲೇ ಕ್ಷಯವೆಂದು ಬರೆದಾಯಿತು.

ಡಾಕ್ಟರು ಫಿಲ್ಮಿನ ಮೇಲೆ ಬೆರಳಿಟ್ಟರು. “ಇಲ್ಲಿ ನೋಡಿ. ಈ ಮಚ್ಚೆ ಶ್ವಾಸಕೋಶದ ಗೆರೆ ದಾಟಿ ಕುತ್ತಿಗೆವರೆಗೂ ಹೋಗಿದೆ. ಒಳಗಿನ ಕಾಯಿಲೆ ಹಾಗೆ ಹೊರಗೆ ಹೋಗಲ್ಲ. ಒಂದು ನಿಮಿಷ ನೋಡಿದ್ರೆ ಗೊತ್ತಾಗ್ತಿತ್ತು. ಜಡೆ ಎತ್ತಿ ಕಟ್ಟಿಸಿ ಇನ್ನೊಂದು ತೆಗೀಬಹುದಿತ್ತು. ಕಫ ಪರೀಕ್ಷೆ ಮಾಡಿಸಬಹುದಿತ್ತು. ಏನೂ ಮಾಡ್ಲಿಲ್ಲ. ಫಿಲ್ಮು ನೆರಳು ತೋರಿಸ್ತದೆ, ಅಷ್ಟೇ. ಅದಕ್ಕೆ ಕಾಯಿಲೆಯ ಹೆಸರು ಇಡೋರು ನಾವು. ಗೊತ್ತಾಗದಿದ್ರೆ ಗೊತ್ತಾಗ್ಲಿಲ್ಲ ಅಂತ ಬರೀರಿ. ಮರ್ಯಾದೆ ಹೋಗಲ್ಲ.”

ಮದುವೆ ಮುರಿಯಿತು. ಹುಡುಗಿಯನ್ನು ದೂರದ ಕ್ಷಯದ ಆಸ್ಪತ್ರೆಗೆ ಸೇರಿಸಿದರು. ಮೂರು ತಿಂಗಳಿಗೆ ಅಲ್ಲಿನ ವೈದ್ಯರು ಇವರಿಗೊಂದು ಕಾಗದ ಬರೆದರು: ಕಫದಲ್ಲಿ ಮೊದಲಿಂದಲೂ ಏನೂ ಇಲ್ಲ, ಹೊಸ ಫಿಲ್ಮಿನಲ್ಲಿ ನೆರಳೇ ಇಲ್ಲ, ನೀವು ಕಂಡದ್ದು ಜಡೆಯಿರಬೇಕು. ಮನೆಗೆ ಬಂದ ಜಲಜ ವರ್ಷ ತುಂಬುವುದರೊಳಗೆ ರಕ್ತ ಕೆಮ್ಮಿದಳು. ಈ ಸಲ ಕಫದಲ್ಲಿ ರೋಗಾಣು ಇತ್ತು. ಮೂರು ತಿಂಗಳು ರೋಗಿಗಳ ನಡುವೆ ಮಲಗಿದ್ದಳಲ್ಲ! ಸೂಜಿ, ಮಾತ್ರೆ ಯಾವುದೂ ನಾಟಲಿಲ್ಲ. ಐವತ್ತೈದರ ಮಾಘದಲ್ಲಿ ತೀರಿಕೊಂಡಳು.

ಇಷ್ಟು ಹೇಳಿದ ಮೇಲೆ ಎದೆ ಹಗುರಾಗುತ್ತದೆಂದು ಪಾಪ, ಡಾಕ್ಟರು ಎಣಿಸಿದ್ದರು. ಫಿಲ್ಮ್ ತೆಗೆಯಲು ಕೈ ಚಾಚಿದರು.

ಹಿಂದಿನ ಸಾಲಿನಿಂದ ಮಹಾಲಕ್ಷ್ಮೀ ಎಂಬ ಹುಡುಗಿ ಎದ್ದು ನಿಂತಳು. ಅವಳ ದನಿ ಸಣ್ಣದಿತ್ತು.

“ಸಾರ್, ಅವರಪ್ಪಂಗೆ ಇದು ಗೊತ್ತಾ?”

ಡಾಕ್ಟರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

“ಇಲ್ಲಮ್ಮ. ಮೂರು ತಿಂಗಳಲ್ಲಿ ವಾಸಿಯಾಗಿತ್ತು, ಮತ್ತೆ ಮರುಕಳಿಸ್ತು ಅಂದ್ಕೊಂಡಿದಾನೆ. ನಾನು ಮೊದಲೇ ಕಂಡುಹಿಡಿದಿದ್ದಕ್ಕೆ ಮಗಳು ಅಷ್ಟು ದಿನವಾದ್ರೂ ಬದುಕಿದ್ಲು ಅಂತ, ಊರ ಕಡೆ ಹೋದಾಗೆಲ್ಲ ನನ್ನ ಕಾಲು ಮುಟ್ತಾನೆ.”

“ನೀವು?”

“ಮುಟ್ಟಿಸ್ಕೊಳ್ತೀನಿ,” ಎಂದರು ಆದಿರಾಜಯ್ಯ.