ಹುರಳಿ ಪ್ರೋಟೀನಿನ ಜೋಡಿ

ಹುರಳಿ ಕಾಳಿನ ಒಂದು ಪ್ರೋಟೀನು ಜೋಡಿಯಾಗಿಯೇ ಇರುತ್ತದೆ ಎಂದು ನಮ್ಮ ಗೈಡ್ ಸರ್ ವರ್ಷಗಟ್ಟಲೆ ಹೇಳುತ್ತ ಬಂದಿದ್ದರು. ಸಮ್ಮೇಳನಗಳಲ್ಲಿ ಜನ ನಕ್ಕಿದ್ದರು. ಆ ಸಿಟ್ಟೆಲ್ಲ ನಮ್ಮಂಥ ವಿದ್ಯಾರ್ಥಿಗಳ ಮೇಲೆ ಇಳಿಯುತ್ತಿತ್ತು, ಆ ಮಾತು ಬಿಡಿ. ನಿವೃತ್ತಿ ಹತ್ತಿರ ಬಂದಾಗ, ಧಾರವಾಡದ ನಮ್ಮ ಲ್ಯಾಬಿನಲ್ಲಿ, ಅವರಿಗೆ ಪುರಾವೆ ಸಿಕ್ಕಿತು.

ಶಾಖ ಅಳೆಯುವ ನಮ್ಮ ಕ್ಯಾಲರಿಮೀಟರು ಪ್ರೋಟೀನಿನ ದ್ರಾವಣವನ್ನೂ, ಪ್ರೋಟೀನು ಕರಗಿಸುವ ಉಪ್ಪುನೀರಾದ ಬರೀ ಬಫರನ್ನೂ ಅಕ್ಕಪಕ್ಕ ಇಟ್ಟು ನಿಧಾನ ಕಾಯಿಸುತ್ತದೆ. ಪ್ರೋಟೀನಿನ ಮಡಿಕೆ ಬಿಚ್ಚುವಾಗ ಅದು ಹೆಚ್ಚು ಶಾಖ ಹೀರಿ, ಪರದೆಯ ಮೇಲೆ ಗುಡ್ಡ ಏಳುತ್ತದೆ. ಗುಡ್ಡದ ನೆತ್ತಿ ಇರುವಲ್ಲಿ ಬಿಚ್ಚುವ ತಾಪಮಾನ. ಬುಡಕ್ಕೆ ಗೆರೆ ಎಳೆದು, ಗುಡ್ಡದ ವಿಸ್ತೀರ್ಣವನ್ನು ಹಾಕಿದ ಪ್ರೋಟೀನಿನ ಪ್ರಮಾಣದಿಂದ ಭಾಗಿಸಿದರೆ ಬಿಚ್ಚಲು ಬೇಕಾದ ಶಾಖ, ಅಂದರೆ ಎಂಥಾಲ್ಪಿ. ಗುಡ್ಡ ಎಷ್ಟು ಚೂಪಾಗಿದೆ ಎಂಬುದರಿಂದಲೂ ಅದನ್ನು ತೆಗೆಯಬಹುದು. ಅದಕ್ಕೆ ಪ್ರಮಾಣ ಬೇಕಿಲ್ಲ. ಒಂಟಿ ಪ್ರೋಟೀನು ಒಂದೇ ಏಟಿಗೆ ಬಿಚ್ಚಿದರೆ ಎರಡೂ ಲೆಕ್ಕ ಒಂದೇ ಬರಬೇಕು. ನಮಗೆ ಚೂಪಿನ ಲೆಕ್ಕ ವಿಸ್ತೀರ್ಣದ ಲೆಕ್ಕದ ದುಪ್ಪಟ್ಟು ಬಂತು, ಅಂದರೆ ಎರಡೆರಡು ಒಟ್ಟಿಗೆ ಬಿಚ್ಚುತ್ತಿವೆ. ತಣಿಸಿ ಮತ್ತೆ ಕಾಯಿಸಿದರೂ ಅದೇ ಗುಡ್ಡ.

"ನೋಡವಾ, ಎರಡೂ ಕೈ ಹಿಡಕೊಂಡು ಕೂಡೇ ಬಿಚ್ಚಾಕತ್ತಾವು! ನಾ ಹೇಳಿರಲಿಲ್ಲೇನು?" ಎಂದು ಸರ್ ಎಲ್ಲರಿಗೂ ಮಿರ್ಚಿ ಭಜಿ ತರಿಸಿದರು. ಬೀಳ್ಕೊಡುಗೆಯ ಭಾಷಣಕ್ಕೆ ಇದೇ ಚಿತ್ರ ಎಂದರು. ಅಯ್ಯೋ, ಅವರು ಅಷ್ಟು ನಕ್ಕಿದ್ದನ್ನು ನಾನು ಕಂಡಿರಲೇ ಇಲ್ಲ.

ಸಂಜೆ ಪಾತ್ರೆ ತೊಳೆಯುವಾಗ ಸೋಸುವ ಹಾಳೆಯ ಮೇಲೆ ಬಿಳಿ ಗಸಿ ಕಂಡಿತು. ಕಾಯಿಸುವ ಮುಂಚೆ ಪ್ರೋಟೀನನ್ನು ತೆಳು ಪೊರೆಯ ಚೀಲದಲ್ಲಿಟ್ಟು, ಬಫರಿನಲ್ಲಿ ನೆನೆಹಾಕಿ ಅದಕ್ಕೆ ಹೊಂದಿಸಿ, ಸೋಸುತ್ತೇವೆ. ಪ್ರಮಾಣ ಅಳೆಯುವ ಕೆಲಸ ಮಾತ್ರ ಸರ್ ಯಾರ ಕೈಗೂ ಕೊಡುವವರಲ್ಲ. ಅವರು ಅದನ್ನು ಚೀಲಕ್ಕೆ ಹಾಕುವ ಮೊದಲೇ ಅಳೆದುಬಿಡುವವರು. ಸೋಸಿ ಉಳಿದದ್ದನ್ನು ನಾನು ಅಳೆದೆ. ಅರ್ಧ ಮಾತ್ರ ಇತ್ತು. ಭಾಗಿಸುವ ಪ್ರಮಾಣವೇ ದುಪ್ಪಟ್ಟಾಗಿದ್ದರೆ ಎಂಥಾಲ್ಪಿ ಅರ್ಧ ಬರದೆ ಇನ್ನೇನು? ಜೋಡಿಯೂ ಇಲ್ಲ, ಗೀಡಿಯೂ ಇಲ್ಲ.

ಮರುದಿನ ಹೇಳಿದೆ. "ಸರ, ಸೋಸೂಮುಂದ ಅರ್ಧ ಹೋಗೇತ್ರಿ."

"ಯಾರು ಅಳದವರು?"

"ನಾನರಿ."

ಬೈಸಿಕೊಳ್ಳಲು ತಯಾರಾಗಿ ನಿಂತೆ. ಸರ್ ಎದ್ದು ಹೋಗಿ ತಾವೇ ಅಳೆದರು. ಅವರಿಗೂ ಅರ್ಧವೇ ಬಂತು.

"ಹೊಸಾದು ತಯಾರು ಮಾಡಿ ಇನ್ನೊಮ್ಮೆ ಓಡಸೂಣು. ಈ ಸಲ ಸೋಸಿದ ಮ್ಯಾಲೆ ನೀನ ಅಳಿ," ಎಂದರು.

ಅವರ ಆಸೆ ಇನ್ನೂ ಸತ್ತಿರಲಿಲ್ಲ. ಖರೇ ಹೇಳುತ್ತೇನೆ, ನನ್ನದೂ ಸತ್ತಿರಲಿಲ್ಲ. ನಮ್ಮಿಬ್ಬರ ಅಳತೆಯೂ ತಪ್ಪಾಗಿರಲಿ ಎಂದು ಬೇಡಿಕೊಂಡೆ. ಹೊಸ ಗುಡ್ಡ ಅದೇ ತಾಪಮಾನದಲ್ಲಿ ಎದ್ದಿತು. ಎರಡೂ ಲೆಕ್ಕ ಒಂದಾದವು.

ಸರ್ ಪರದೆ ನೋಡುತ್ತ, "ಅವರು ನಕ್ಕಿದ್ದು ಬರೋಬ್ಬರಿನ ಇತ್ತು ಬಿಡು," ಎಂದರು. ಭಾಷಣದಲ್ಲಿ ಈ ಹೊಸ ಚಿತ್ರವನ್ನೇ ಹಾಕು ಎಂದೂ ಹೇಳಿದರು.

ಇಷ್ಟು ವರ್ಷ ಸರ್ ಮೇಲೆ ಸಿಡಿಮಿಡಿಗೊಂಡವಳು ನಾನು. ಅವತ್ತು ಮೊದಲ ಸಲ, ನಕ್ಕಿದ್ದ ಆ ಜನರ ಮೇಲೆ ನನಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು.